ಕಾಫಿ ಕಣದ ಕಾಂಕ್ರೀಟ್ ಕರಾರು: ನೀರಿನ ಷರತ್ತು ಮತ್ತು ಕ್ಯೂರಿಂಗ್ ಷರತ್ತು ತಿದ್ದಿದ ವಿವರ

ಮಡಿಕೇರಿ ಕಡೆಯ ಒಂದು ತೋಟದಲ್ಲಿ ಹೊಸದಾಗಿ ಹಾಕಲಿರುವ ಕಾಫಿ ಕಣಕ್ಕೆ ಕರಾರಿನ ಷರತ್ತುಗಳನ್ನು ಬರೆದುಕೊಡುವ ಕೆಲಸವನ್ನು ಈ ಮಳೆಗಾಲದಲ್ಲಿ ಕೈಗೆತ್ತಿಕೊಂಡಿದ್ದೇನೆ. ಕಣದ ಅಳತೆ 12 ಮೀಟರ್ ಉದ್ದ, 10 ಮೀಟರ್ ಅಗಲ, 100 ಮಿಲಿಮೀಟರ್ ದಪ್ಪ. ಅಂದರೆ 12 ಘನ ಮೀಟರ್ ಕಾಂಕ್ರೀಟ್. ಅದೇ ತೋಟದ ಹಳೆಯ ಕಣದ ಮೇಲ್ಮೈಯನ್ನು ಅಂಗೈಯಿಂದ ಉಜ್ಜಿದರೆ ಬಿಳಿ ಪುಡಿ ಅಂಟುತ್ತದೆ, ಒಣಗಲು ಹರವಿದ ಕಾಫಿಗೂ ಆ ಪುಡಿ ಸೇರುತ್ತದೆ. ಆ ಕಣದ ಕರಾರು ಪತ್ರ ಮನೆಯವರ ಬಳಿ ಇನ್ನೂ ಇದೆ. ಅದರಲ್ಲಿ ಕಾಂಕ್ರೀಟಿನ ಬಗ್ಗೆ ಇರುವುದು ಇಷ್ಟೇ: "ಉತ್ತಮ ಗುಣಮಟ್ಟದ ಕಾಂಕ್ರೀಟನ್ನು ಸೂಕ್ತ ಪ್ರಮಾಣದ ನೀರಿನೊಂದಿಗೆ ಬೆರೆಸಿ ಹಾಕತಕ್ಕದ್ದು. ಸಾಕಷ್ಟು ಕ್ಯೂರಿಂಗ್ ಮಾಡತಕ್ಕದ್ದು."

ಈ ಎರಡು ವಾಕ್ಯಗಳ ಆಧಾರದಲ್ಲಿ ಯಾವ ಗುತ್ತಿಗೆದಾರನನ್ನೂ ತಪ್ಪಿತಸ್ಥನೆಂದು ತೋರಿಸಲಾಗದು. 'ಸೂಕ್ತ' ಎಂದರೆ ಎಷ್ಟು ಲೀಟರ್, 'ಸಾಕಷ್ಟು' ಕ್ಯೂರಿಂಗ್ ಎಂದರೆ ಹಾಕಿದ ಕಾಂಕ್ರೀಟನ್ನು ಎಷ್ಟು ದಿನ ಒದ್ದೆಯಿಡಬೇಕು, ಅದನ್ನು ಯಾರು ಯಾವಾಗ ನೋಡಬೇಕು, ತಪ್ಪಿದರೆ ಏನು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿಲ್ಲ. ಮೇಲ್ಮೈ ಪುಡಿಯಾಗಲು ಮುಖ್ಯ ಕಾರಣಗಳೂ ಇವೇ ಎರಡು: ಹೆಚ್ಚಿನ ನೀರು ಮೇಲಕ್ಕೆ ಉಕ್ಕಿ ಬಂದು ಅದನ್ನೇ ಕರಣೆಯಿಂದ ಸವರಿ ನಯ ಮಾಡುವುದು, ಮತ್ತು ಮೇಲ್ಪದರ ಗಟ್ಟಿಯಾಗುವ ಮೊದಲೇ ಅದನ್ನು ಒಣಗಲು ಬಿಡುವುದು. ಆದ್ದರಿಂದ ಉಳಿದ ಷರತ್ತುಗಳನ್ನು ಬದಿಗಿಟ್ಟು ಈ ಎರಡನ್ನೇ ಮೊದಲು ತಿದ್ದಿದೆ.

ನೀರಿನ ಷರತ್ತು

ಬಿಸಿಲು ಮಳೆಗೆ ನೇರವಾಗಿ ಒಡ್ಡಿಕೊಳ್ಳುವ, ಕಬ್ಬಿಣವಿಲ್ಲದ ಕಾಂಕ್ರೀಟಿಗೆ ಭಾರತೀಯ ಮಾನಕ ಐಎಸ್ 456 ಹೇಳುವ ಮಿತಿಯೆಂದರೆ, ತೀವ್ರ ವಾತಾವರಣವೆಂದು ಪರಿಗಣಿಸಿದಾಗ, ನೀರು-ಸಿಮೆಂಟ್ ಅನುಪಾತ 0.50ನ್ನು ಮೀರಬಾರದು ಮತ್ತು ಕಾಂಕ್ರೀಟಿನ ಬಲದ ದರ್ಜೆ ಕನಿಷ್ಠ ಎಂ20 ಇರಬೇಕು. ಕೊಡಗಿನ ಮಳೆಯನ್ನು ತೀವ್ರವಲ್ಲವೆಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಕಣದ ಮೇಲೆ ಕಾಫಿ ಎಳೆದಾಡುವ ಸವೆತವೂ ಇರುವುದರಿಂದ ದರ್ಜೆಯನ್ನು ಎಂ25ಕ್ಕೆ ಏರಿಸಿದೆ. ಎಂ25ಕ್ಕೆ ಪ್ರಯೋಗಾಲಯದಲ್ಲಿ ತೂಕಗಳನ್ನು ಗೊತ್ತುಮಾಡಿದ ಡಿಸೈನ್ ಮಿಕ್ಸ್ ಬೇಕು, ಸಿಮೆಂಟ್, ಮರಳು, ಜಲ್ಲಿಗೆ 1:1½:3 ಎಂಬ ಲೆಕ್ಕ ನಡೆಯದು. ಬಂದ ಮಿಶ್ರಣದಲ್ಲಿ 50 ಕಿಲೋ ಸಿಮೆಂಟ್ ಚೀಲಕ್ಕೆ 90 ಕಿಲೋ ಎಂ-ಸ್ಯಾಂಡ್, 155 ಕಿಲೋ ಜಲ್ಲಿ, 25 ಲೀಟರ್ ನೀರು.

ಷರತ್ತಿನಲ್ಲಿ "ಚೀಲಕ್ಕೆ 25 ಲೀಟರ್" ಎಂದಷ್ಟೇ ಬರೆದರೆ ಕೊಡಗಿನಲ್ಲಿ ಅದು ಸೋಲುತ್ತದೆ, ಏಕೆಂದರೆ ಇಲ್ಲಿ ಮರಳು ಒಣಗಿರುವ ದಿನಗಳೇ ಕಡಿಮೆ. ಡಿಸೈನ್ ಮಿಕ್ಸಿನ ತೂಕಗಳು ತನಗೆ ಬೇಕಾದಷ್ಟು ನೀರನ್ನು ಹೀರಿಕೊಂಡು ಮೇಲ್ಮೈ ಮಾತ್ರ ಒಣಗಿರುವ ಮರಳಿಗೆ ಅನ್ವಯಿಸುತ್ತವೆ. ಅದಕ್ಕಿಂತ ಹೆಚ್ಚಿನ ತೇವವೆಲ್ಲ ಮಿಶ್ರಣದ ನೀರಿಗೆ ಸೇರುತ್ತದೆ. ತೇವವನ್ನು ಅಳೆಯಲು ಸ್ಟೌವ್ ಮೇಲಿನ ಬಾಣಲೆ ಸಾಕು. ರಾಶಿಯ ಒಳಗಿನಿಂದ ತೆಗೆದ 1000 ಗ್ರಾಂ ಮರಳನ್ನು ಹುರಿದು ಪೂರ್ತಿ ಒಣಗಿಸಿದಾಗ ಅದು 935 ಗ್ರಾಂ ತೂಗಿತು, ಅಂದರೆ ಒಣ ತೂಕದ ಮೇಲೆ ಸುಮಾರು 7 ಶೇಕಡಾ ತೇವ. ಪ್ರಯೋಗಾಲಯದ ವರದಿಯಲ್ಲಿ ಈ ಮರಳು ಹೀರಿಕೊಳ್ಳುವ ನೀರು 2 ಶೇಕಡಾ ಎಂದಿದೆ. ಉಳಿದ 5 ಶೇಕಡಾ ಮಿಶ್ರಣಕ್ಕೆ ಸೇರುವ ನೀರು: 90 ಕಿಲೋ ಮರಳಿಗೆ ಸುಮಾರು ನಾಲ್ಕೂವರೆ ಲೀಟರ್. ಜಲ್ಲಿಯಿಂದ ಇನ್ನೊಂದೂವರೆ ಲೀಟರ್. ಹಾಗಾಗಿ ಆ ದಿನ ಮಿಕ್ಸರಿಗೆ ಹಾಕಬೇಕಾದ ನೀರು 19 ಲೀಟರ್ ಮಾತ್ರ, ಮತ್ತು ಮರಳನ್ನು ತೂಗುವಾಗ ಅದರಲ್ಲಿರುವ ನೀರಿನ ತೂಕವನ್ನೂ ಸೇರಿಸಿ 94.5 ಕಿಲೋ ಹಾಕಬೇಕು. ಇದನ್ನು ಲೆಕ್ಕಿಸದೆ 25 ಲೀಟರ್ ಪೂರ್ತಿ ಹಾಕಿದರೆ ಒಟ್ಟು ನೀರು 31 ಲೀಟರ್ ಆಗಿ ಅನುಪಾತ 0.62ಕ್ಕೆ ಏರುತ್ತದೆ. ಗುತ್ತಿಗೆದಾರ ಷರತ್ತನ್ನು ಅಕ್ಷರಶಃ ಪಾಲಿಸಿಯೂ ಕಣ ಪುಡಿಯಾಗುತ್ತದೆ.

ತಿದ್ದಿದ ಷರತ್ತು ಈಗ ಹೀಗಿದೆ: "ಮರಳು ಮತ್ತು ಜಲ್ಲಿಯ ಮೇಲಿನ ತೇವವೂ ಸೇರಿ ಒಟ್ಟು ನೀರು ಸಿಮೆಂಟಿನ ತೂಕದ 0.50 ಪಟ್ಟನ್ನು ಮೀರತಕ್ಕದ್ದಲ್ಲ. ಪ್ರತಿದಿನ ಕೆಲಸ ಆರಂಭಿಸುವ ಮೊದಲು ಮತ್ತು ಮಳೆ ಬಂದು ನಿಂತ ನಂತರ ತೇವವನ್ನು ಹುರಿದು ಅಳೆದು, ಚೀಲಕ್ಕೆ ಹಾಕುವ ನೀರಿನ ಲೀಟರನ್ನು ಮಿಕ್ಸರ್ ಬಳಿಯ ಹಲಗೆಯ ಮೇಲೆ ಬರೆಯತಕ್ಕದ್ದು. ಸ್ಲಂಪ್, ಅಂದರೆ ಶಂಕುವಿನ ಅಚ್ಚನ್ನು ಎತ್ತಿದಾಗ ಹಸಿ ಕಾಂಕ್ರೀಟ್ ಕುಸಿಯುವ ಎತ್ತರ, 25ರಿಂದ 75 ಮಿ.ಮೀ. ಒಳಗೆ ಇರತಕ್ಕದ್ದು, 75 ಮೀರಿದ ಮಿಶ್ರಣವನ್ನು ಕಣದಲ್ಲಿ ಸುರಿಯತಕ್ಕದ್ದಲ್ಲ. ಮಿಕ್ಸರಿನಿಂದ ಹೊರಬಂದ ಕಾಂಕ್ರೀಟಿಗೆ ನೀರು ಸೇರಿಸತಕ್ಕದ್ದಲ್ಲ."

ಕರಡನ್ನು ಓದಿದ ಮೇಸ್ತ್ರಿಯವರು, ಪ್ರತಿ ಚೀಲಕ್ಕೂ ತೂಗುತ್ತ ಕೂತರೆ ಸಂಜೆಯೊಳಗೆ ಕೆಲಸ ಮುಗಿಯದು ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಬಾಂಡ್ಲಿ ಲೆಕ್ಕವನ್ನು ಮಾತ್ರ ಒಪ್ಪಲಾಗದು, ಏಕೆಂದರೆ ತೇವವಿರುವ ಮರಳು ಉಬ್ಬಿಕೊಂಡು ಅದೇ ಬಾಂಡ್ಲಿಯಲ್ಲಿ ಕಡಿಮೆ ಮರಳು ಕೂರುತ್ತದೆ. ಕಾಫಿ ತೂಗುವ ತಕ್ಕಡಿ ತೋಟದಲ್ಲೇ ಇರುವುದರಿಂದ, ಬೆಳಿಗ್ಗೆ ಆ ದಿನದ ಮರಳನ್ನು ತೂಗಿ ಮರದ ಪೆಟ್ಟಿಗೆಯೊಳಗೆ ಅದರ ಮಟ್ಟಕ್ಕೆ ಗೆರೆ ಹಾಕುವುದು, ತೇವವನ್ನು ಮತ್ತೆ ಅಳೆದಾಗಲೆಲ್ಲ ಗೆರೆಯನ್ನೂ ಮತ್ತೆ ಹಾಕುವುದು ಎಂಬ ಮಾತಿಗೆ ಇಬ್ಬರೂ ಒಪ್ಪಿದೆವು. ನೀರಿಗೆ ಲೀಟರ್ ಗುರುತಿನ ಬಕೆಟ್ ಕಡ್ಡಾಯ, ಪೈಪ್ ನಿಷಿದ್ಧ.

ಅದೇ ಕಾಂಕ್ರೀಟನ್ನು ಅಚ್ಚಿಗೆ ತುಂಬಿ ಮಾಡಿದ ಘನಗಳನ್ನು ಒತ್ತಿ ಬಲ ನೋಡುವ ಕ್ಯೂಬ್ ಪರೀಕ್ಷೆಯ ಷರತ್ತು ಬೇಗ ಮುಗಿಯಿತು. 12 ಘನ ಮೀಟರಿಗೆ ಎರಡು ಮಾದರಿ, ಪ್ರತಿ ಮಾದರಿಗೆ ಮೂರು ಕ್ಯೂಬ್, 28 ದಿನಕ್ಕೆ ಪರೀಕ್ಷೆ.

ಕ್ಯೂರಿಂಗ್ ಷರತ್ತು

ಹೆಚ್ಚು ಸಮಯ ಹಿಡಿದದ್ದು ಇದು. ಕ್ಯೂಬ್ ಪಾಸಾದರೆ ಕ್ಯೂರಿಂಗ್ ಕೂಡ ಸರಿಯಾಗಿದೆ ಎಂಬ ನಂಬಿಕೆ ಗುತ್ತಿಗೆದಾರರಲ್ಲೂ ಮಾಲೀಕರಲ್ಲೂ ಬಲವಾಗಿದೆ. ಕ್ಯೂಬುಗಳು ಅಚ್ಚಿನಿಂದ ಬಿಡಿಸಿದ ಮೇಲೆ 28ನೇ ದಿನದವರೆಗೂ ತೊಟ್ಟಿಯ ನೀರಿನಲ್ಲಿ, ಸುಮಾರು 27 ಡಿಗ್ರಿಯಲ್ಲಿ ಮುಳುಗಿರುತ್ತವೆ. ಕಣ ಬಿಸಿಲಿನಲ್ಲಿ ಒಣಗಿ ಬಿರಿದರೂ ಕ್ಯೂಬಿಗೆ ಅದರ ಸುಳಿವಿಲ್ಲ. ಆದ್ದರಿಂದ ಕ್ಯೂರಿಂಗನ್ನು ಫಲಿತಾಂಶದಿಂದ ಅಳೆಯುವ ಆಸೆ ಬಿಟ್ಟು, ಅದು ನಡೆಯುತ್ತಿರುವಾಗಲೇ ಅಳೆಯುವಂತೆ ಷರತ್ತು ಬರೆಯಬೇಕಾಗುತ್ತದೆ.

ದಿನಗಳ ವಿಷಯದಲ್ಲಿ ಐಎಸ್ 456 ಸ್ಪಷ್ಟವಾಗಿದೆ: ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಾದ ಓಪಿಸಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10, ಅದನ್ನು 14ಕ್ಕೆ ಏರಿಸುವಂತೆ ಸಲಹೆ. ಪಿಪಿಸಿಯಲ್ಲಿರುವ ಹಾರುಬೂದಿ ನಿಧಾನವಾಗಿ ಗಟ್ಟಿಯಾಗುವುದರಿಂದ ಅದಕ್ಕೆ ಹೆಚ್ಚು ದಿನ ತೇವ ಬೇಕು. ಇಲ್ಲಿ ಬಳಸುವುದು ಪಿಪಿಸಿ, ಹಾಗಾಗಿ 14 ದಿನ ಎಂದು ಬರೆದೆ. ಕಣಕ್ಕೆ ಇಳಿಜಾರು ಇರುವುದರಿಂದ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವ ವಿಧಾನ ಸುಲಭವಲ್ಲ, ಮೇಲಿನ ಅಂಚು ಮೊದಲು ಒಣಗುತ್ತದೆ. ಒದ್ದೆ ಗೋಣಿಚೀಲ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಎಂಬ ವಿಧಾನವನ್ನು ಆರಿಸಿದೆ. ಕಾಫಿ ತೋಟದಲ್ಲಿ ಗೋಣಿಗೆ ಬರವಿಲ್ಲ. ಮಳೆ ಬರುತ್ತಿದೆಯಲ್ಲ ಎಂಬ ನೆಪಕ್ಕೂ ಒಂದು ವಾಕ್ಯ ಬೇಕಾಯಿತು. ಎರಡು ಮಳೆಗಳ ನಡುವಿನ ಗಾಳಿ ಬಿಸಿಲು ಎಳೆಯ ಕಾಂಕ್ರೀಟಿನ ಮೇಲ್ಪದರವನ್ನು ಒಣಗಿಸಲು ಸಾಕು, ಹೊಸ ಕಾಂಕ್ರೀಟಿನ ಮೇಲೆ ರಭಸದಿಂದ ಬೀಳುವ ಮಳೆ ಸಿಮೆಂಟನ್ನೇ ತೊಳೆದೊಯ್ಯುತ್ತದೆ.

"ಕರಣೆ ಕೆಲಸ ಮುಗಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸತಕ್ಕದ್ದು. ಗೋಣಿಯ ಗುರುತು ಮೂಡದಷ್ಟು ಮೇಲ್ಮೈ ಬಿಗಿಯಾದೊಡನೆ, ತಡವಾದರೆ ಮರುದಿನ ಬೆಳಿಗ್ಗೆ 7ರೊಳಗೆ, ಹಾಳೆಯ ಅಡಿಯಲ್ಲಿ ಒದ್ದೆ ಗೋಣಿ ಹಾಸತಕ್ಕದ್ದು. ಹಾಕಿದ ದಿನದಿಂದ 14 ದಿನ ಇಡೀ ಮೇಲ್ಮೈ ಎಡೆಬಿಡದೆ ಒದ್ದೆಯಿರತಕ್ಕದ್ದು. ಮಳೆಯನ್ನು ಕ್ಯೂರಿಂಗ್ ಎಂದು ಪರಿಗಣಿಸತಕ್ಕದ್ದಲ್ಲ. ಬೆಳಿಗ್ಗೆ 7, ಮಧ್ಯಾಹ್ನ 12, ಸಂಜೆ 4ಕ್ಕೆ ನಾಲ್ಕು ಮೂಲೆ ಹಾಗೂ ನಡುವೆ ಗೋಣಿ ಎತ್ತಿ ನೋಡಿ ಪುಸ್ತಕದಲ್ಲಿ ಮಾಲೀಕರು, ಗುತ್ತಿಗೆದಾರರು ಇಬ್ಬರೂ ಸಹಿ ಹಾಕತಕ್ಕದ್ದು. ನೀರನ್ನು ಕಣದ ಅಂಚಿನ ನಲ್ಲಿಯವರೆಗೆ ಮಾಲೀಕರು ಒದಗಿಸುವರು. ಗೋಣಿ, ಹಾಳೆ ಮತ್ತು ಆಳು ಗುತ್ತಿಗೆದಾರರದು."

ನೀರು ಯಾರದು ಎಂಬ ಕೊನೆಯ ವಾಕ್ಯವಿಲ್ಲದೆ ಮೇಲಿನದೆಲ್ಲ ವ್ಯರ್ಥವಾಗುತ್ತದೆ, ಏಕೆಂದರೆ ಪಂಪ್ ಕೆಟ್ಟ ದಿನ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ.

ತಪ್ಪಿದರೆ ಏನು ಎಂಬಲ್ಲಿ, ಒಣಗಿದ ದಿನಗಳಷ್ಟು ಕ್ಯೂರಿಂಗ್ ಮುಂದುವರಿಸಬೇಕು ಎಂದು ಬರೆಯುವುದು ರೂಢಿ. ಮೊದಲ ದಿನಗಳಲ್ಲಿ ಒಣಗಿದ ಮೇಲ್ಪದರ ಆಮೇಲೆ ನೀರು ಕಂಡರೂ ಪೂರ್ತಿ ಚೇತರಿಸಿಕೊಳ್ಳುವುದಿಲ್ಲವಾದ್ದರಿಂದ ಅದೊಂದೇ ಸಾಲದೆಂದು ನನ್ನ ತೀರ್ಮಾನ. ಆದ್ದರಿಂದ ಕ್ಯೂರಿಂಗನ್ನು ದರಪಟ್ಟಿಯಲ್ಲಿ ಪ್ರತ್ಯೇಕ ಬಾಬ್ತಾಗಿ, ದಿನದ ಲೆಕ್ಕದಲ್ಲಿ ಸೇರಿಸಿದೆ. ಮೂರೂ ಹೊತ್ತು ಐದೂ ಕಡೆ ಒದ್ದೆಯಿದ್ದ ದಿನಕ್ಕೆ ಮಾತ್ರ ಹಣ. ಮೊದಲ ಮೂರು ದಿನಗಳಲ್ಲಿ ಎಲ್ಲಾದರೂ ಒಣಗಿ ಬಿಳಿಚಿಕೊಂಡ ಜಾಗ ಕಂಡರೆ ಅದನ್ನು ಸೀಮೆಸುಣ್ಣದಿಂದ ಸುತ್ತುವರಿದು ಪುಸ್ತಕದಲ್ಲಿ ಗುರುತಿಸುವುದು, 28ನೇ ದಿನ ಅಲ್ಲಿ ಕಪ್ಪು ಬಟ್ಟೆಯಿಂದ ಹತ್ತು ಬಾರಿ ಉಜ್ಜಿ, ಮೊದಲೇ ಒಪ್ಪಿಕೊಂಡ ಒಂದು ಚದರ ಮೀಟರ್ ಮಾದರಿ ತುಂಡಿನೊಂದಿಗೆ ಹೋಲಿಸುವುದು, ಪುಡಿ ಹೆಚ್ಚು ಬಂದರೆ ಆ ಭಾಗಕ್ಕೆ ಹಣ ತಡೆಹಿಡಿಯುವುದು. ಇದು ಐಎಸ್ ಪರೀಕ್ಷೆಯಲ್ಲ, ಎರಡೂ ಕಡೆಯವರು ಒಪ್ಪಿದ ಪರೀಕ್ಷೆ. ಹಾಗೆಂದೇ ಕರಾರಿನಲ್ಲಿ ಬರೆದಿದ್ದೇನೆ.

ಕ್ಯೂರಿಂಗಿಗೆ ಬೇರೆ ಹಣ ಸಿಗುತ್ತದೆಂದು ತಿಳಿದಾಗ ಮೇಸ್ತ್ರಿಯವರ ಆಕ್ಷೇಪ ನಿಂತಿತು, ಅದಕ್ಕೆಂದೇ ಒಬ್ಬ ಆಳನ್ನು ಇಡುವುದಾಗಿ ಹೇಳಿದರು. ಮಾದರಿ ತುಂಡನ್ನು ಮಳೆ ಬಿಟ್ಟ ಮೇಲೆ ಹಾಕುತ್ತೇವೆ. ಜಾಯಿಂಟುಗಳ ಷರತ್ತು ಇನ್ನೂ ಬಾಕಿಯಿದೆ.