ಮಳೆ ಬಂದ ರಾತ್ರಿ ಟ್ಯಾಂಕ್ ತಣ್ಣಗಾದದ್ದು

ನಮ್ಮದು ಸಾಗರದ ಕಡೆಯ ಹಂಚಿನ ಮನೆ. ಟ್ಯಾಂಕಿನ ಭಾರ ಮಾಡು ತಾಳುವುದಿಲ್ಲವೆಂದು ಸೋಲಾರ್ ವಾಟರ್ ಹೀಟರಿನ ಎರಡು ಪ್ಯಾನೆಲ್ ಮಾತ್ರ ಮೇಲಿಟ್ಟು, 200 ಲೀಟರಿನ ಟ್ಯಾಂಕನ್ನು ಬಚ್ಚಲ ಪಕ್ಕದಲ್ಲೇ ಕೂರಿಸಿದ್ದೇವೆ. ಟ್ಯಾಂಕ್ ಕೆಳಗಿದ್ದರೆ ಬಿಸಿನೀರು ತಾನಾಗಿ ಇಳಿದು ಬರುವುದಿಲ್ಲ, ಅದಕ್ಕೊಂದು ಸಣ್ಣ ಪಂಪು ಬೇಕು. ಪ್ಯಾನೆಲ್ಲಿನ ಬಿಸಿ (T1) ಟ್ಯಾಂಕಿನ ತಳದ ಬಿಸಿಗಿಂತ (T2) 8 ಡಿಗ್ರಿ ಹೆಚ್ಚಾದರೆ ಕಂಟ್ರೋಲರ್ ಪಂಪು ಓಡಿಸುತ್ತದೆ, ಅಂತರ 4ಕ್ಕೆ ಇಳಿದರೆ ನಿಲ್ಲಿಸುತ್ತದೆ.

ಅಕ್ಟೋಬರ್‌ನಲ್ಲಿ ಮಳೆ ಬಂದ ಮರುದಿನವೆಲ್ಲ ನೀರು ತಣ್ಣಗಿರತೊಡಗಿತು. "ಮೋಡ ಇತ್ತಲ್ಲ, ಅದಕ್ಕೇ" ಎಂದು ಅಮ್ಮನಿಗೆ ಹೇಳಿದೆ. "ನಿನ್ನೆ ಸಂಜೆ ಕೈ ಸುಡುವಷ್ಟು ಬಿಸಿಯಿತ್ತಲ್ಲೋ" ಎಂದರು. ಅವರು ಹೇಳಿದ್ದೇ ಸರಿ. ಎಲೆಕ್ಟ್ರಿಷಿಯನ್ ಮಧ್ಯಾಹ್ನ ಬಿಸಿಲಲ್ಲಿ ಬಂದು ನೋಡಿದರೆ ಎಲ್ಲವೂ ಸರಿಯಾಗಿತ್ತು.

ಇನ್ನೊಂದು ಮಳೆಯ ರಾತ್ರಿ ಕಳೆದು ಐದು ಗಂಟೆಗೆ ಎದ್ದು ನೋಡಿದೆ. ಹೊರಗೆ ಕತ್ತಲು, ಚಳಿ. ಪರದೆಯಲ್ಲಿ T1 54, T2 29, ಪಂಪು ಗುಂಯ್‌ಗುಡುತ್ತಿತ್ತು. ಸೂರ್ಯನೇ ಇಲ್ಲದೆ ಪ್ಯಾನೆಲ್ 54 ಡಿಗ್ರಿ ಆಗುವುದು ಹೇಗೆ? ಕೊಳವೆಗಳನ್ನು ಮುಟ್ಟಿದೆ. ಮೇಲೆ ಹೋಗುವುದು ಉಗುರುಬೆಚ್ಚಗಿತ್ತು, ಮೇಲಿನಿಂದ ಬರುವುದು ಅದಕ್ಕಿಂತ ತಣ್ಣಗಿತ್ತು. ಹಗಲಿಡೀ ಕಾದ ನೀರನ್ನು ಪಂಪು ರಾತ್ರಿಯಿಡೀ ಮಾಡಿನ ಮೇಲೆ ಆರಿಸಿ ತರುತ್ತಿತ್ತು.

ಪಂಪು ಆರಿಸಿ, ಪ್ಯಾನೆಲ್ಲಿನ ಬಿಸಿ ಅಳೆಯುವ T1 ಸೆನ್ಸರಿನ ತಂತಿಯನ್ನು ಕಂಟ್ರೋಲರಿನಿಂದ ಬಿಚ್ಚಿ ಮಲ್ಟಿಮೀಟರ್ ಹಿಡಿದೆ: 3 ಕಿಲೋ ಓಮ್ ಚಿಲ್ಲರೆ. ನಮ್ಮ ಸೆನ್ಸರ್ 25 ಡಿಗ್ರಿಯಲ್ಲಿ 10 ಕಿಲೋ ಓಮ್ ತೋರಿಸುವಂಥದ್ದು; ಬಿಸಿ ಏರಿದಷ್ಟೂ ಓಮ್ ಇಳಿಯುತ್ತದೆ. 3 ಕಿಲೋ ಓಮ್ ಎಂದರೆ ಸುಮಾರು 54 ಡಿಗ್ರಿಯೇ. ಅಂದರೆ ಕಂಟ್ರೋಲರಿನ ಲೆಕ್ಕ ಸರಿಯೇ ಇತ್ತು, ಅದಕ್ಕೆ ಸಿಕ್ಕ ಓಮ್ ಸುಳ್ಳಾಗಿತ್ತು.

ಮಳೆ ನಿಂತ ಮೇಲೆ ಏಣಿ ಹತ್ತಿದೆ. ಸೆನ್ಸರಿನ ಗಿಡ್ಡ ತಂತಿಗೆ ಉದ್ದ ತಂತಿಯನ್ನು ತಿರುಚಿ, ಟೇಪು ಸುತ್ತಿ ಬಿಟ್ಟಿದ್ದರು. ಟೇಪು ಬಿಚ್ಚಿದರೆ ಒಳಗೆ ನೀರು, ತಾಮ್ರಕ್ಕೆ ಹಸಿರು ಕಿಲುಬು. ಆ ನೀರಿನ ಮೂಲಕ ಎರಡೂ ತಂತಿಗಳ ನಡುವೆ ಕರೆಂಟು ಸೋರುತ್ತಿತ್ತು. ಸೋರಿದರೆ ಒಟ್ಟು ಓಮ್ ಇಳಿಯುತ್ತದೆ, ಕಂಟ್ರೋಲರಿಗೆ ಅದು ಬಿಸಿಯಂತೆ ಕಾಣುತ್ತದೆ. ಬಿಸಿಲು ಬಂದರೆ ಜೋಡಣೆ ಒಣಗಿ ದೋಷ ಮಾಯ. ಅದಕ್ಕೇ ಮಧ್ಯಾಹ್ನ ಸಿಕ್ಕಿರಲಿಲ್ಲ. ಜೋಡಣೆ ಕತ್ತರಿಸಿ ಸೆನ್ಸರನ್ನಷ್ಟೇ ಅಳೆದಾಗ 12 ಕಿಲೋ ಓಮ್ ಬಂತು, ಸುಮಾರು 21 ಡಿಗ್ರಿ. ಸೆನ್ಸರ್ ಚೆನ್ನಾಗಿಯೇ ಇತ್ತು.

ತಂತಿ ಪೂರ್ತಿ ತುಂಡಾಗಿದ್ದರೆ ಅಥವಾ ಒಂದಕ್ಕೊಂದು ಅಂಟಿದ್ದರೆ ಕಂಟ್ರೋಲರ್ ದೋಷ ತೋರಿಸುತ್ತಿತ್ತು. ಇಂಥ ಅರೆಬರೆ ಸೋರಿಕೆ ಅದಕ್ಕೆ ತಿಳಿಯುವುದಿಲ್ಲ. ಕತ್ತಲಲ್ಲಿ ಪಂಪು ಓಡುತ್ತಿದೆಯೇ ಎಂದು ನಾವೇ ನೋಡಬೇಕು.

ಹೊಸ ತಂತಿ ಬೆಸುಗೆ ಹಾಕಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಶ್ರಿಂಕ್ ಟ್ಯೂಬ್ ತೊಡಿಸಿ ಬಿಸಿ ಮಾಡಿದೆ. ಜೋಡಣೆಯನ್ನು ಹಂಚಿನ ಅಡಿಗೆ ಸರಿಸಿ, ತಂತಿಯನ್ನು ಅದಕ್ಕಿಂತ ಕೆಳಗೆ ಜೋಲುಬಿಟ್ಟೆ, ನೀರು ಅಲ್ಲೇ ತೊಟ್ಟಿಕ್ಕಲಿ ಎಂದು.

ನಾಲ್ಕು ದಿನದ ನಂತರ ರಾತ್ರಿಯಿಡೀ ಸುರಿಯಿತು. ಐದಕ್ಕೆ ಎದ್ದು ನೋಡಿದೆ: T1 20, T2 41, ಪಂಪು ಸುಮ್ಮನಿತ್ತು. ಅಮ್ಮನಿಗೆ ಮೊದಲ ಬಕೆಟ್ ತುಂಬಿಸಿದೆ.