ಎರಡು ಇಂಚಿನ ಲೋಗೊ

ಹುಬ್ಬಳ್ಳಿಯ ನಮ್ಮ ಶೇಂಗಾ ಚಟ್ನಿಗೆ ಲೋಗೊ ಮಾಡಿಸುತ್ತಿದ್ದೇನೆ. ಮೊದಲ ಸಲ ಡಿಸೈನರ್ ಹುಡುಗನಿಗೆ "ಚಂದ ಇರ್ಲಿ" ಅಂತಷ್ಟೇ ಹೇಳಿದ್ದೆ. ಒರಳು, ಶೇಂಗಾ ಬಳ್ಳಿ, ಇಳಕಲ್ ಸೀರೆ ಅಂಚು, ಎಲ್ಲಾ ಹಾಕಿದ. ಮೊಬೈಲಿನಲ್ಲಿ ಭಾಳ ಚಂದ. ಎರಡು ಇಂಚಿನ ಸ್ಟಿಕರ್ ಮೇಲೆ ಬಳ್ಳಿ ಹೋಗಿ ಕಲೆಯಾಯಿತು! ಉರಿಯುವ ಕಿತ್ತಳೆ ಬಣ್ಣವೂ ಮಂಕಾಯಿತು. ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಪ್ರೆಸ್ಸಿನಲ್ಲಿ ಇರುವುದು ನಾಲ್ಕು ಶಾಯಿ. ಅಳತೆ ಹೇಳದ ತಪ್ಪು ನನ್ನದೇ ಬಿಡಿ.

ಈ ಸಲ ಹಾಳೆ ಮೇಲೆ ಬರೆದುಕೊಟ್ಟೆ. ಎರಡು ಇಂಚಿನಲ್ಲೂ ಹೆಸರು ಓದಲು ಬರಬೇಕು. ಬಿಲ್ ಬುಕ್ಕಿಗೆ ಬರೀ ಕಪ್ಪಿನಲ್ಲೂ ಗುರುತು ಸಿಗಬೇಕು. ಡಬ್ಬಿಯೊಳಗೆ ಚಟ್ನಿಯೇ ಕೆಂಪಗೆ ಕಾಣುತ್ತದೆ, ಅದಕ್ಕೆ ಸ್ಟಿಕರ್ ಕೆಂಪು ಬೇಡ. ಬೋರ್ಡಿಗೆ ಹಿಗ್ಗಿಸಿದರೂ ಅಂಚು ಒಡೆಯದ ಹಾಗೆ ವೆಕ್ಟರ್ ಫೈಲ್ ಬೇಕು.

"ಒರಳು ಒಂದೇ ಇಟ್ಟು ಕಳಿಸ್ತೀನ್ರಿ ಅಕ್ಕಾ" ಅಂದಿದ್ದಾನೆ. ಬಳ್ಳಿ ಬಿಡೋಕೆ ಅವನಿಗೆ ಮನಸ್ಸೇ ಇರಲಿಲ್ಲ ಪಾಪ.