ಕೆಂಪು ಕೊನೆಗೂ ನಿಂತಿತು: ಉಪ್ಪುನೀರಿನ ಆರ್ಕಿಯಾ, ಎಂಟನೇ ತಿಂಗಳು

ಫ್ಲಾಸ್ಕಿನಲ್ಲಿ ಕೆಂಪು ಬಂದಿದೆ, ಬಂದದ್ದು ಹಾಗೇ ಉಳಿದಿದೆ. ಇವತ್ತಿಗೆ ಹನ್ನೊಂದನೇ ದಿನ. ಅಲುಗಾಡಿಸಿದರೆ ರೇಷ್ಮೆಯಂತೆ ಸುಳಿ ತೋರಿಸುವ, ದಟ್ಟ ದಾಳಿಂಬೆ ಬಣ್ಣದ ದ್ರವ. ಎಂಟು ತಿಂಗಳಿನಿಂದ ಕಾದದ್ದು ಇದಕ್ಕೇ.

ಒರಟು ಸಮುದ್ರದ ಉಪ್ಪಿನ ಹರಳು ಕರಗಿಸಿ ಪ್ಲೇಟಿಗೆ ಹಚ್ಚಿದ್ದು, ಕಾಲನಿ ಆರಿಸಿದ್ದು, ಮೂರು ಸಲ ಗೀರಿ ಶುದ್ಧ ಮಾಡಿದ್ದು ನೀವೆಲ್ಲ ಮಾಡಿರುವ ಕೆಲಸಗಳೇ. ಅದನ್ನು ಮತ್ತೆ ಬರೆಯುವುದಿಲ್ಲ. ಪ್ಲೇಟಿನ ಮೇಲೆ ಎರಡು ಬಗೆಯ ಕಾಲನಿ ಉಳಿದಿದ್ದವು: ಒಂದು ಕಡುಗೆಂಪು, ಇನ್ನೊಂದು ಕಿತ್ತಳೆಗೆಂಪು. ಮೊದಲನೆಯದಕ್ಕೆ ‘ಕ’, ಎರಡನೆಯದಕ್ಕೆ ‘ಖ’ ಎಂದು ಚೀಟಿ ಅಂಟಿಸಿದ್ದೆ. ಎರಡೂ ಲೀಟರಿಗೆ 250 ಗ್ರಾಂ ಉಪ್ಪಿರುವ ಅಗರ್ ಮೇಲೆ ಹಾಯಾಗಿ ಬೆಳೆಯುತ್ತಿದ್ದವು. ತೊಂದರೆ ಶುರುವಾದದ್ದು ದ್ರವಕ್ಕೆ ಹಾಕಿದಾಗ.

ಹ್ಯಾಲೊಬ್ಯಾಕ್ಟೀರಿಯಮ್‌ಗೆಂದು ಎಲ್ಲರೂ ಬಳಸುವ ಹಳೆಯ ಪಾಕವನ್ನೇ ಮಾಡಿದ್ದೆ. ಲೀಟರಿಗೆ ಉಪ್ಪು 250 ಗ್ರಾಂ, ಮೆಗ್ನೀಸಿಯಮ್ ಸಲ್ಫೇಟ್ 20, ಸೋಡಿಯಂ ಸಿಟ್ರೇಟ್ 3, ಪೊಟ್ಯಾಸಿಯಮ್ ಕ್ಲೋರೈಡ್ 2, ಪೆಪ್ಟೋನ್ 10 ಗ್ರಾಂ. ಸಂಜೆ ‘ಕ’ ಕಾಲನಿಗಳನ್ನು ಧಾರಾಳವಾಗಿ ಕೆರೆದು ಹಾಕಿದರೆ ದ್ರವ ಗುಲಾಬಿಯಾಗಿ ಕದಡುತ್ತಿತ್ತು. ಬೆಳಿಗ್ಗೆ ನೋಡಿದರೆ ತಿಳಿಯಾಗಿರುತ್ತಿತ್ತು. ಕೋಶಗಳು ತಳಕ್ಕೆ ಕೂತಿರಲಿಲ್ಲ, ಮಾಯವಾಗಿದ್ದವು. ಗಾಜಿನ ಕಡ್ಡಿ ಅದ್ದಿ ಎತ್ತಿದರೆ ಮೊಟ್ಟೆಯ ಬಿಳಿಯಂತೆ ನೂಲು ಏಳುತ್ತಿತ್ತು. ಅದು ಒಡೆದ ಕೋಶಗಳಿಂದ ಹೊರಬಿದ್ದ ಡಿಎನ್ಎ. ಅಂದರೆ ಇವು ಹಸಿವಿನಿಂದ ಸತ್ತದ್ದಲ್ಲ, ರಾತ್ರೋರಾತ್ರಿ ಸಿಡಿದು ಸತ್ತದ್ದು.

ಸಿಡಿದಿವೆ ಎಂದ ಕೂಡಲೇ ನನ್ನ ಕಣ್ಣು ಉಪ್ಪಿನ ಮೇಲೆ ಬಿತ್ತು. ಅದಕ್ಕೆ ಕಾರಣವಿತ್ತು. ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಪೊರೆಯ ಹೊರಗೆ ಪೆಪ್ಟಿಡೊಗ್ಲೈಕಾನ್ ಎಂಬ ಗಟ್ಟಿ ಬಲೆ ಇರುತ್ತದೆ. ಒಳಗಿನ ಒತ್ತಡ ಏರಿದರೂ ಆ ಬಲೆ ಕೋಶವನ್ನು ಬಿಗಿದು ಹಿಡಿಯುತ್ತದೆ. ಹ್ಯಾಲೊಬ್ಯಾಕ್ಟೀರಿಯಮ್ ಸಲೈನಾರಮ್‌ನ ಹೆಸರಿನಲ್ಲಿ ಬ್ಯಾಕ್ಟೀರಿಯಮ್ ಇದ್ದರೂ ಅದು ಆರ್ಕಿಯಾ. ಅದಕ್ಕೆ ಆ ಬಲೆ ಇಲ್ಲ. ಇರುವುದು ಸಕ್ಕರೆ ಅಂಟಿದ ಪ್ರೋಟೀನುಗಳು ಹೆಂಚಿನಂತೆ ಜೋಡಿಸಿಕೊಂಡ ಒಂದೇ ಒಂದು ಪದರ. ಆ ಹೆಂಚುಗಳನ್ನು ಹಿಡಿದಿಡುವುದೇ ಸುತ್ತಲಿನ ಸೋಡಿಯಂ ಮತ್ತು ಮೆಗ್ನೀಸಿಯಮ್. ಉಪ್ಪು ಇಳಿದರೆ ಕೋಲಿನಂತಿರುವ ಕೋಶ ಮೊದಲು ಉಂಡೆಯಾಗುತ್ತದೆ, ಇನ್ನೂ ಇಳಿದರೆ ಒಡೆಯುತ್ತದೆ. ಬರಿ ನೀರಿಗೆ ಹಾಕಿದರೆ ಕಣ್ಣೆದುರೇ ಕರಗುತ್ತದೆ.

ಹಾಗಾಗಿ ಎರಡು ತಿಂಗಳು ಉಪ್ಪಿನ ಹಿಂದೆಯೇ ಬಿದ್ದೆ. ಒಂದು ತಪ್ಪು ಸಿಕ್ಕಿತು ಕೂಡ: ಒಂದು ಲೀಟರ್ ನೀರಿಗೆ 250 ಗ್ರಾಂ ಸುರಿಯುತ್ತಿದ್ದೆ. ಹಾಗೆ ಮಾಡಿದರೆ ಒಟ್ಟು ದ್ರಾವಣ ಸುಮಾರು 1.09 ಲೀಟರ್ ಆಗುತ್ತದೆ, ಲೀಟರಿಗೆ ಸಿಗುವುದು 230 ಗ್ರಾಂ ಮಾತ್ರ. ಉಪ್ಪನ್ನು ಕಡಿಮೆ ನೀರಿನಲ್ಲಿ ಕರಗಿಸಿ, ಆಮೇಲೆ ಒಂದು ಲೀಟರ್ ಗೆರೆಗೆ ತುಂಬಿಸಬೇಕು. ತಿದ್ದಿಕೊಂಡೆ, ಹೈಡ್ರೋಮೀಟರ್ ಇಳಿಬಿಟ್ಟು 1.17ರ ಹತ್ತಿರ ಬರುವುದನ್ನು ನೋಡಿದೆ. ಆದರೂ ಬೆಳಿಗ್ಗೆ ಅದೇ ಲೋಳೆ. 230 ಗ್ರಾಂ ಉಪ್ಪು ಈ ಜೀವಿಗೆ ಕೊರತೆಯೇನಲ್ಲ ಎಂಬುದನ್ನು ಆಗಲೇ ಯೋಚಿಸಬೇಕಿತ್ತು. ಮೆಗ್ನೀಸಿಯಮ್ ಹೆಚ್ಚಿಸಿದೆ. ಅಲುಗಾಟ ನಿಲ್ಲಿಸಿದೆ. ಕತ್ತಲಲ್ಲಿಟ್ಟೆ, ಬೆಳಕಲ್ಲಿಟ್ಟೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಂಬಂತೆ ಎಲ್ಲಕ್ಕೂ ಬರೆ ಎಳೆದೆ.

ಸುಳಿವು ಕೊಟ್ಟದ್ದು ‘ಖ’. ಅದೇ ಬಾಟಲಿಯ ದ್ರವದಲ್ಲಿ, ಅದೇ ಶಾಖದಲ್ಲಿ ಅದು ಒಂದು ವಾರದಲ್ಲಿ ದಟ್ಟವಾಗಿ ಬೆಳೆದು ನಿಂತಿತು. ಹಾಗಿದ್ದರೆ ದ್ರವ ಎಲ್ಲರಿಗೂ ವಿಷವಲ್ಲ, ‘ಕ’ಗೆ ಮಾತ್ರ ವಿಷ. ‘ಕ’ ಬೆಳೆದ ಪ್ಲೇಟುಗಳು ಬೇರೆ ಪಾಕದವು ಎಂಬುದು ಆಗ ಹೊಳೆಯಿತು. ಅವನ್ನು ಗೆಳೆಯರೊಬ್ಬರು ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ ಮತ್ತು ಕೇಸೀನ್ ಪುಡಿಯಿಂದ ಮಾಡಿಕೊಟ್ಟಿದ್ದರು. ಪೆಪ್ಟೋನ್ ಇದ್ದದ್ದು ನನ್ನ ದ್ರವದಲ್ಲಿ ಮಾತ್ರ.

ಉತ್ತರ 1988ರಲ್ಲೇ ಅಚ್ಚಾಗಿತ್ತು. ಮಸಾಹಿರೊ ಕಮೆಕುರಾ ಮತ್ತು ಸಂಗಡಿಗರು ಒಂದು ಬಗೆಯ ಪೆಪ್ಟೋನ್‌ನಲ್ಲಿ ಹ್ಯಾಲೊಬ್ಯಾಕ್ಟೀರಿಯಮ್, ಹ್ಯಾಲೊಆರ್ಕುಲಾ, ಹ್ಯಾಲೊಫೆರಾಕ್ಸ್ ಕುಲದ ಕೋಶಗಳು ಒಡೆಯುವುದನ್ನು ಕಂಡು, ಅದರೊಳಗಿನ ಅಪರಾಧಿಯನ್ನು ಹಿಡಿದಿದ್ದರು: ಪಿತ್ತರಸದ ಆಮ್ಲಗಳು. ಪೆಪ್ಟೋನ್ ಎಂದರೆ ಪ್ರಾಣಿ ಪ್ರೋಟೀನನ್ನು ಜೀರ್ಣಿಸಿ ಒಣಗಿಸಿದ ಪುಡಿ. ಆ ದಾರಿಯಲ್ಲಿ ಪಿತ್ತದ ಅಂಶ ಒಂದಿಷ್ಟು ಸೇರಿಕೊಳ್ಳಬಹುದು. ಪಿತ್ತದ ಲವಣಗಳು ಸಾಬೂನಿನ ಗುಣದವು, ಪೊರೆಗೆ ನುಗ್ಗುತ್ತವೆ. ಗಟ್ಟಿ ಬಲೆಯಿದ್ದ ಬ್ಯಾಕ್ಟೀರಿಯಾ ತಡೆದುಕೊಳ್ಳುತ್ತದೆ, ಬರೀ ಹೆಂಚಿನ ಹೊದಿಕೆಯ ಆರ್ಕಿಯಾ ಕುಸಿಯುತ್ತದೆ.

ಮಾರಾಟಗಾರರನ್ನು ಕೇಳಿದೆ. ಮೂರು ಪತ್ರಗಳಿಗೆ ಒಂದೇ ಉತ್ತರ: ‘ಬ್ಯಾಕ್ಟೀರಿಯಾ ಬೆಳೆಸಲು ಯೋಗ್ಯ.’ ಚೀಟಿಯ ಮೇಲೂ ಅಷ್ಟೇ ಬರೆದಿದೆ. ಯಾವ ಕಿಣ್ವದಿಂದ ಜೀರ್ಣಿಸಿದ್ದು, ಪಿತ್ತ ಇದೆಯೇ ಇಲ್ಲವೇ ಎಂಬ ಒಂದು ಸಾಲು ಮುದ್ರಿಸಲು ಏನು ಕಷ್ಟ? ಎರಡನೇ ಚೀಲ ತರಿಸಿದೆ, ಬೇರೆಯವರಿಂದ ಮೂರನೆಯದನ್ನೂ ತರಿಸಿದೆ. ಮೂರರಲ್ಲೂ ‘ಕ’ ಒಡೆಯಿತು.

ಓದಿದ್ದನ್ನು ನಂಬಿ ಸುಮ್ಮನಿರಲು ಮನಸ್ಸು ಬರಲಿಲ್ಲ. ಪಿತ್ತ ಲವಣದ ಪುಡಿಯನ್ನು ಅದೇ ಗಾಢತೆಯ ಉಪ್ಪುನೀರಿನಲ್ಲಿ ಕಲಸಿ, ತಿಳಿಯನ್ನು ಮಾತ್ರ ತೆಗೆದೆ. ಪ್ಲೇಟಿನಿಂದ ಕೆರೆದ ‘ಕ’ವನ್ನು ಎರಡು ನಳಿಕೆಗಳಲ್ಲಿ ಸಮನಾಗಿ ಕದಡಿದೆ. ಒಂದಕ್ಕೆ ಬರೀ ಉಪ್ಪುನೀರು, ಇನ್ನೊಂದಕ್ಕೆ ಪಿತ್ತದ ತಿಳಿ. ನಳಿಕೆಗಳ ಹಿಂದೆ ಅಚ್ಚಾದ ಕಾಗದ ಹಿಡಿದೆ. ಮೊದಲನೆಯದರ ಹಿಂದೆ ಅಕ್ಷರ ಕಾಣಲೇ ಇಲ್ಲ. ಎರಡನೆಯದರ ಹಿಂದೆ ಹತ್ತು ನಿಮಿಷದೊಳಗೆ ಸಾಲುಗಳನ್ನು ಓದಬಹುದಿತ್ತು, ಕಡ್ಡಿಗೆ ಅದೇ ನೂಲು. ಆ ಸಂಜೆಯ ಸಂತೋಷವನ್ನು ಹೇಗೆ ಹೇಳಲಿ! ಪೆಪ್ಟೋನ್ ಬಿಟ್ಟು ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ ಮತ್ತು ಕೇಸೀನ್ ಪುಡಿ ಹಾಕಿದ ಫ್ಲಾಸ್ಕೇ ಮೇಲೆ ಹೇಳಿದ ಹನ್ನೊಂದು ದಿನದ ಕೆಂಪು.

ಇಲ್ಲಿ ಒಂದು ಎಚ್ಚರಿಕೆ. ಪಿತ್ತಕ್ಕೆ ಒಡೆದರೆ ಆರ್ಕಿಯಾ, ಒಡೆಯದಿದ್ದರೆ ಬ್ಯಾಕ್ಟೀರಿಯಾ ಎಂದು ನಾನೂ ಒಂದು ವಾರ ನಂಬಿದ್ದೆ. ಅದರ ಎರಡನೇ ಅರ್ಧ ತಪ್ಪು. ಹ್ಯಾಲೊಕಾಕಸ್ ಎಂಬ ಆರ್ಕಿಯಾಗೆ ಸಲ್ಫೇಟ್ ಸೇರಿದ ಸಕ್ಕರೆಗಳ ದಪ್ಪ ಗೋಡೆಯಿದೆ. ಅದು ಪಿತ್ತಕ್ಕೂ ಜಗ್ಗುವುದಿಲ್ಲ, ಬರಿ ನೀರಿಗೂ ಜಗ್ಗುವುದಿಲ್ಲ. ‘ಖ’ ಅದೇ ಆಗಿರಬಾರದೇಕೆ?

ಸೂಕ್ಷ್ಮದರ್ಶಕದಲ್ಲಿ ‘ಖ’ ಗುಂಡಗಿರಲಿಲ್ಲ, ಸಣಕಲು ಕೋಲುಗಳು. ಹ್ಯಾಲೊಕಾಕಸ್ ಗುಂಡಗೆ, ಗುಂಪುಗುಂಪಾಗಿ ಇರುತ್ತದೆ. (ಗಾಜಿನ ಮೇಲಿನ ಹನಿಯನ್ನೂ ಉಪ್ಪುನೀರಿನಲ್ಲೇ ಮಾಡಿ. ಬರಿ ನೀರು ಹಾಕಿದರೆ ‘ಕ’ ನೋಡಲೂ ಸಿಗುವುದಿಲ್ಲ.) ಆಮೇಲೆ ಆಂಪಿಸಿಲಿನ್. ಈ ಔಷಧ ಪೆಪ್ಟಿಡೊಗ್ಲೈಕಾನ್ ಹೆಣೆಯುವ ಕೆಲಸವನ್ನೇ ನಿಲ್ಲಿಸುತ್ತದೆ. ಹೆಣೆಯುವ ಬಲೆಯೇ ಇಲ್ಲದ ಆರ್ಕಿಯಾಗೆ ಅದರ ಹೊಡೆತ ತಾಗುವುದಿಲ್ಲ. ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಹಾಕಿದ ಪ್ಲೇಟಿನ ಮೇಲೆ ‘ಕ’ ಎಂದಿನಂತೆ ಕೆಂಪಾಯಿತು. ‘ಖ’ ಹಚ್ಚಿದ ಗೆರೆ ಹಚ್ಚಿದಂತೆಯೇ ಉಳಿಯಿತು. ಔಷಧವಿಲ್ಲದ ಪ್ಲೇಟನ್ನು ಪಕ್ಕದಲ್ಲಿ ಇಡದೆ ಈ ಪರೀಕ್ಷೆ ಮಾಡಬೇಡಿ. ಈ ಜೀವಿಗಳು ನಿಧಾನ, ಬೆಳವಣಿಗೆ ತಡವಾದದ್ದನ್ನೇ ಔಷಧ ತಡೆದದ್ದೆಂದು ತಿಳಿಯುವ ಅಪಾಯವಿದೆ. ಬಿಸಿ ಅಗರ್‌ಗೆ ಹಾಕಿದರೆ ಆಂಪಿಸಿಲಿನ್ ಕೆಡುತ್ತದೆ ಎಂಬುದೂ ನೆನಪಿರಲಿ.

ಹಾಗಾದರೆ ‘ಖ’ ಬ್ಯಾಕ್ಟೀರಿಯಾ, ಅದೂ ಇಷ್ಟು ಉಪ್ಪಿನಲ್ಲಿ. ನನಗೆ ಇಡೀ ಕೆಲಸದಲ್ಲಿ ಹೆಚ್ಚು ಹಿಡಿಸಿದ ಸಂಗತಿ ಇದು. ಹೊರಗಿನ ಉಪ್ಪು ಕೋಶದ ನೀರನ್ನು ಹೀರದಂತೆ ತಡೆಯಲು ಎರಡು ದಾರಿಗಳಿವೆ. ಉಪ್ಪು ತಾಳುವ ಬಹಳಷ್ಟು ಬ್ಯಾಕ್ಟೀರಿಯಾಗಳು ಉಪ್ಪನ್ನು ಹೊರಗೇ ಇಟ್ಟು, ಒಳಗೆ ಎಕ್ಟೋಯಿನ್, ಬೀಟೇನ್‌ನಂಥ ನಿರುಪದ್ರವಿ ಅಣುಗಳನ್ನು ತುಂಬಿಕೊಳ್ಳುತ್ತವೆ. ಹ್ಯಾಲೊಬ್ಯಾಕ್ಟೀರಿಯಮ್ ಹಾಗಲ್ಲ. ಅದು ಒಳಗೂ ಉಪ್ಪನ್ನೇ ತುಂಬುತ್ತದೆ, ಆದರೆ ಸೋಡಿಯಂ ಬದಲು ಪೊಟ್ಯಾಸಿಯಮ್, ಸುಮಾರು 4 ಮೋಲಾರ್‌ವರೆಗೆ. ಅಷ್ಟು ಉಪ್ಪಿನಲ್ಲಿ ಸಾಮಾನ್ಯ ಪ್ರೋಟೀನುಗಳು ಮುದ್ದೆಗಟ್ಟುತ್ತವೆ. ಇದರ ಪ್ರೋಟೀನುಗಳ ಮೈಮೇಲೆ ಆಸ್ಪಾರ್ಟಿಕ್, ಗ್ಲುಟಾಮಿಕ್ ಆಮ್ಲಗಳು ತುಂಬಿರುವುದರಿಂದ ಋಣ ವಿದ್ಯುದಂಶ ಹೆಚ್ಚು, ಅದರಿಂದ ನೀರು ಮತ್ತು ಪೊಟ್ಯಾಸಿಯಮ್ ಹತ್ತಿರವೇ ನಿಲ್ಲುತ್ತವೆ. ಉಪ್ಪು ತೆಗೆದರೆ ಆ ಋಣಾಂಶಗಳು ಒಂದನ್ನೊಂದು ತಳ್ಳಿ ಪ್ರೋಟೀನೇ ಬಿಚ್ಚಿಕೊಳ್ಳುತ್ತದೆ. ಉಪ್ಪು ಇದಕ್ಕೆ ಸಹಿಸಬೇಕಾದ ಕಷ್ಟವಲ್ಲ, ಬೇಕೇ ಬೇಕಾದದ್ದು.

ಈ ಎರಡನೇ ದಾರಿ ಆರ್ಕಿಯಾದ ಸ್ವಂತ ಸ್ವತ್ತೂ ಅಲ್ಲ. 2002ರಲ್ಲಿ ವಿವರಿಸಲಾದ ಸಲಿನಿಬ್ಯಾಕ್ಟರ್ ರೂಬರ್ ಎಂಬ ಕೆಂಪು ಬ್ಯಾಕ್ಟೀರಿಯಾ ಹ್ಯಾಲೊಬ್ಯಾಕ್ಟೀರಿಯಮ್‌ನಂತೆಯೇ ಪೊಟ್ಯಾಸಿಯಮ್ ತುಂಬಿಕೊಳ್ಳುತ್ತದೆ, ಅದರ ಪ್ರೋಟೀನುಗಳೂ ಹಾಗೇ ಆಮ್ಲೀಯ. ಬಣ್ಣ ನೋಡಿಯೋ ತಾಳಿಕೆ ನೋಡಿಯೋ ಇದು ಆರ್ಕಿಯಾ ಎನ್ನುವವರಿಗೆ ನಾನು ಈ ಹೆಸರನ್ನೇ ತೋರಿಸುವುದು. ‘ಖ’ ಅದೇ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ 16ಎಸ್ ಆರ್‌ಆರ್‌ಎನ್‌ಎ ಜೀನಿನ ಅನುಕ್ರಮ ಓದಿಸಬೇಕು. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಈ ಗುಂಪನ್ನು ಬ್ಯಾಕ್ಟೀರಿಯಾದಿಂದ ಬೇರೆ ಮಾಡಿದ್ದೂ ಆ ಆರ್‌ಎನ್‌ಎ ಹೋಲಿಸಿಯೇ. ಪೊರೆಯಲ್ಲೂ ಗುರುತಿದೆ: ಬ್ಯಾಕ್ಟೀರಿಯಾದ ಕೊಬ್ಬು ಎಸ್ಟರ್ ಕೊಂಡಿಯಿಂದ, ಆರ್ಕಿಯಾದ್ದು ಈಥರ್ ಕೊಂಡಿಯಿಂದ ಗ್ಲಿಸರಾಲ್‌ಗೆ ಅಂಟಿರುತ್ತದೆ.

ಈಥರ್ ಎಂದಾಗ ಮುಂದಿನ ಕೆಲಸ ನೆನಪಾಗದೆ ಇರದು. ಸಲ್ಫೊಲೋಬಸ್ ಆಸಿಡೊಕಾಲ್ಡೇರಿಯಸ್! 75 ಡಿಗ್ರಿ ಶಾಖ, ಪಿಎಚ್ 2ರಿಂದ 3. ಎಸ್ಟರ್ ಕೊಂಡಿಯನ್ನು ಬಿಸಿ ಆಮ್ಲ ಸುಲಭವಾಗಿ ಕಡಿಯುತ್ತದೆ, ಈಥರನ್ನು ಹಾಗೆ ಕಡಿಯಲಾಗದು. ಅದಲ್ಲದೆ ಇದರ ಪೊರೆಯ ಬಹುಪಾಲು ಎರಡು ಪದರವಾಗಿರದೆ, ಈ ಬದಿಯಿಂದ ಆ ಬದಿಗೆ ಚಾಚಿದ ಒಂದೇ ಅಣುಗಳ ಪದರ. ಬಿಸಿಗೆ ಸುಲಿದು ಬೇರೆಯಾಗಲು ಅಲ್ಲಿ ಎರಡು ಪದರವೇ ಇಲ್ಲ. ಇಂಥ ಪೊರೆ ಪ್ರೋಟಾನ್ ಸೋರಿಕೆಯನ್ನು ತಡೆಯುವುದರಿಂದ, ನುಸುಳಿದ್ದನ್ನು ಹೊರದಬ್ಬುತ್ತಾ ಒಳಗಿನ ಪಿಎಚ್ ಅನ್ನು 6.5ರ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತದೆ. ಆಮ್ಲದಲ್ಲಿದ್ದರೂ ಒಳಗೆ ಆಮ್ಲ ಬಿಡುವುದಿಲ್ಲ. ಉಪ್ಪನ್ನು ಒಳಗೇ ತುಂಬಿಕೊಂಡ ನನ್ನ ‘ಕ’ಗೆ ನೇರ ವಿರುದ್ಧ. ಸದ್ಯಕ್ಕೆ ನನ್ನ ತೊಡಕು 75 ಡಿಗ್ರಿಯಲ್ಲಿ ವಾರಗಟ್ಟಲೆ ನೀರು ಆವಿಯಾಗದಂತೆ, ಆದರೆ ಗಾಳಿಯೂ ಸಿಗುವಂತೆ ಫ್ಲಾಸ್ಕ್ ಮುಚ್ಚುವುದು. ಮೇಲೊಂದು ತಂಪುಗೊಳಿಸುವ ನಳಿಕೆ ಜೋಡಿಸಿ ಬರಿ ನೀರಿನಲ್ಲಿ ಪರೀಕ್ಷೆ ನಡೆಸಿದ್ದೇನೆ. ಐದು ದಿನಕ್ಕೆ ಕಾಲುಭಾಗ ಹೋಯಿತು, ಹಾಗಾಗಿ ನಳಿಕೆ ಇನ್ನೂ ಉದ್ದ ಬೇಕು.

ಈ ವಾರ ‘ಕ’ದ ಬಣ್ಣವನ್ನು ಮೆಥನಾಲ್‌ನಲ್ಲಿ ಇಳಿಸಿ ರೋಹಿತದರ್ಶಕದಲ್ಲಿ ನೋಡುತ್ತೇನೆ. ಬ್ಯಾಕ್ಟೀರಿಯೊರೂಬೆರಿನ್ ಆಗಿದ್ದರೆ 470, 495, 530 ನ್ಯಾನೋಮೀಟರ್‌ಗಳ ಸುತ್ತ ಮೂರು ಉಬ್ಬು ಬರಬೇಕು. ಪೆಪ್ಟೋನಿನ ಮೂರೂ ಚೀಲ ಮುಚ್ಚಿಟ್ಟಿದ್ದೇನೆ, ಬೀರುವಿನ ಮೇಲಿನ ಹಲಗೆಯಲ್ಲಿ. ‘ಖ’ ಅದನ್ನು ಇಷ್ಟಪಟ್ಟು ತಿನ್ನುತ್ತದೆ.